ಇಳಕಲ್ ಸೀರೆ ಮಾರೋಕೆ ಹೊರಟಿದ್ದೀರಾ? ಮೊದಲು ಸೆರಗು ತಿರುವಿ ನೋಡಿ

ಬಾಗಲಕೋಟೆಯ ನವನಗರದಲ್ಲಿ ಒಂದು ಖಾಸಗಿ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ರವಿವಾರ ಒಂದೇ ರಜೆ. ಆ ಒಂದು ದಿನದಲ್ಲಿ ಇಳಕಲ್ ಸೀರೆ ತಂದು ವಾಟ್ಸಾಪ್‌ನಲ್ಲಿ ಮಾರಿದರೆ ಕೈಖರ್ಚಿಗೆ ಆಗುತ್ತದೆ ಅಂತ ಶುರು ಮಾಡಿದೆ. ಈಗ ಮನೆಯ ಟ್ರಂಕಿನಲ್ಲಿ ಏಳು ಸೀರೆ ಬಿದ್ದಿವೆ. ಯಾಕೆ ಅಂತ ಹೇಳ್ತೀನಿ.

ಮೊದಲ ಸಲ ತಂದಿದ್ದು ಆರೇ ಸೀರೆ. ಸಹೋದ್ಯೋಗಿಯೊಬ್ಬರ ಪರಿಚಯದ ನೇಕಾರ ಕಾಕಾ ಅವರ ಮನೆಯಿಂದ, ಮಗ್ಗದ ಪಕ್ಕ ಕೂತು ಆರಿಸಿ ತಂದೆ. ಸ್ಟೇಟಸ್ ಹಾಕಿದ ಎರಡೇ ದಿನಕ್ಕೆ ಖಾಲಿ. ಸೀರೆಗೆ ಮುನ್ನೂರು ರೂಪಾಯಿ ಉಳಿಯಿತು. ತಲೆ ತಿರುಗೋಕೆ ಅಷ್ಟು ಸಾಕಾಯ್ತು.

ದೀಪಾವಳಿ ಹತ್ತಿರ ಬಂತು. ಕಾಕಾ ಹತ್ತಿರ ಅಷ್ಟು ಮಾಲು ಇರಲಿಲ್ಲ. ಇಳಕಲ್‌ನಲ್ಲೇ ಒಬ್ಬ ವ್ಯಾಪಾರಿ ಮೂವತ್ತು ಸೀರೆಯ ಗಂಟು ತೋರಿಸಿದ. ಒಂದಕ್ಕೆ 1,150 ರೂಪಾಯಿ. "ಎಲ್ಲಾ ಕೈಮಗ್ಗದ್ದು ರೀ ಸರ" ಅಂದ. ಸಂಜೆ ಬಸ್ ಹಿಡಿಯಬೇಕಿತ್ತು, ಮರುದಿನ ಡ್ಯೂಟಿ. ಮಡಿಕೆ ಹಾಕಿದ ಸೀರೆಯಲ್ಲಿ ದಡಿ ಮತ್ತು ಸೆರಗಿನ ಮುಂಭಾಗ ಮಾತ್ರ ಕಾಣುತ್ತದೆ. ನಾನು ಒಂದನ್ನೂ ಬಿಚ್ಚಲಿಲ್ಲ. 34,500 ಕೊಟ್ಟು ಬಂದೆ.

ಹನ್ನೊಂದು ಸೀರೆ 1,800ರಂತೆ ಹೋದವು. ಆಮೇಲೆ ಧಾರವಾಡದಿಂದ ಒಬ್ಬ ನಿವೃತ್ತ ಟೀಚರ್ ಫೋನ್ ಮಾಡಿದರು. ಬೈಯಲಿಲ್ಲ. "ತಮ್ಮಾ, ಇದು ಕೈಮಗ್ಗದ್ದು ಅಂತ ಯಾರ್ ಹೇಳ್ಯಾರ ನಿನಗ? ಸೆರಗ ತಿರುವಿ ನೋಡೀಯೇನು? ಕೊಂಡಿನ ಇಲ್ಲಲ್ಲೋ" ಅಂದರು.

ಕೊಂಡಿ ಅಂದರೇನು ಅಂತ ನನಗೆ ಗೊತ್ತೇ ಇರಲಿಲ್ಲ. ಇಳಕಲ್ ಸೀರೆ ಮಾರುವವನ ಗತಿ ನೋಡಿ!

ಮುಂದಿನ ರವಿವಾರ ಕಾಕಾ ಮನೆಗೆ ಓಡಿದೆ. ಅವರು ತಮ್ಮ ಸೀರೆ, ನನ್ನ ಸೀರೆ ಎರಡನ್ನೂ ಚಾಪೆ ಮೇಲೆ ತಿರುವಿ ಹಾಸಿದರು. ಅಸಲಿ ಇಳಕಲ್‌ನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಾಸು ಅಂದರೆ ಉದ್ದಕ್ಕೆ ಹೋಗುವ ನೂಲು. ಮೈಯ ನೂಲಿನ ಕುಣಿಕೆಯೊಳಗೆ ಸೆರಗಿನ ನೂಲಿನ ಕುಣಿಕೆ ಸಿಕ್ಕಿಸಿ, ಒಂದೊಂದೇ ಎಳೆ ಜೋಡಿಸುತ್ತಾರೆ. ಅದೇ ಕೊಂಡಿ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಹಿಂಬದಿಯಲ್ಲಿ ಮೈ ಮುಗಿದು ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ, ಅಡ್ಡಕ್ಕೆ ಸಣ್ಣ ಉಬ್ಬಿನ ಗೆರೆ ಸಿಗುತ್ತದೆ. ನನ್ನ ಸೀರೆಯಲ್ಲಿ ಬೆರಳು ಸುಮ್ನೆ ಜಾರಿ ಹೋಯಿತು.

ಪವರ್‌ಲೂಮ್‌ನಲ್ಲಿ ಒಂದೇ ಹಾಸು ಸೀರೆಯಿಂದ ಸೀರೆಗೆ ಓಡುತ್ತಲೇ ಇರುತ್ತದೆ. ಸೆರಗು ಬಂದಾಗ ಅಡ್ಡ ನೂಲಿನ ಬಣ್ಣ ಮಾತ್ರ ಬದಲಿಸುತ್ತಾರೆ. ಹಾಗಾಗಿ ಮೋಸ ಇನ್ನೊಂದು ಕಡೆಯೂ ಸಿಕ್ಕಿಬೀಳುತ್ತದೆ. ಸೆರಗಿನ ತುದಿಯಿಂದ ಉದ್ದದ ಒಂದು ಎಳೆ ಎಳೆಯಿರಿ. ಹಸಿರು ಸೀರೆಯ ಕೆಂಪು ಸೆರಗಿನಲ್ಲಿ ಆ ಎಳೆ ಹಸಿರೇ ಬಂದರೆ, ಮೈಯ ನೂಲೇ ಅಲ್ಲಿವರೆಗೂ ಬಂದಿದೆ ಅಂತ ಅರ್ಥ. ನನ್ನದರಲ್ಲಿ ಹಸಿರೇ ಬಂತು. ಸೆರಗಿನ ಕೆಂಪು ಯಾಕೆ ಮಂಕಾಗಿತ್ತು ಅನ್ನೋದೂ ಆಗ ಗೊತ್ತಾಯ್ತು.

ಹಾಗಂತ ಕೊಂಡಿ ಇದ್ದರೆ ಸೆರಗು ರೇಷ್ಮೆಯೇ ಅಂದುಕೊಳ್ಳಬೇಡಿ. ಕೈಮಗ್ಗದಲ್ಲೂ ಆರ್ಟ್ ಸಿಲ್ಕ್, ಅಂದರೆ ರೇಯಾನ್‌ನಂಥ ಕೃತಕ ರೇಷ್ಮೆ ಹಾಕಿ ನೇಯುತ್ತಾರೆ. ಅದು ತಪ್ಪಲ್ಲ, ಹೇಳಿ ಮಾರಬೇಕು ಅಷ್ಟೇ. ಎಳೆದ ನೂಲನ್ನು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ರೇಯಾನ್ ಆದರೆ ಕಾಗದ ಸುಟ್ಟ ಹಾಗೆ.

ವ್ಯಾಪಾರಿ ಹತ್ತಿರ ಹೋಗಿ ಕೇಳಿದೆ. "ಚೀಟ್ಯಾಗ ಕೈಮಗ್ಗ ಅಂತ ಬರದೀನೇನ್ರಿ?" ಅಂದ. ನೋಡಿದೆ. "ಸೀರೆ 30" ಅಂತ ಮಾತ್ರ ಇತ್ತು. ಜಿಎಸ್‌ಟಿ ಬಿಲ್ಲೂ ಅಲ್ಲ, ಬಿಳಿ ಚೀಟಿ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ನನ್ನ ಮೇಲೇ. ದಿನಾ ಆಫೀಸಿನಲ್ಲಿ ಬಿಲ್ ಸರಿ ಇಲ್ಲ ಅಂತ ವಾಪಸ್ ಕಳಿಸುವವನು ನಾನೇ ಅಲ್ವಾ?

ಕೊಂಡವರಿಗೆಲ್ಲ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಏಳು ಜನ ಸೀರೆ ವಾಪಸ್ ಕಳಿಸಿದರು, ಪೂರ್ತಿ ದುಡ್ಡು ಕೊಟ್ಟೆ. ನಾಲ್ಕು ಜನ ಇಟ್ಟುಕೊಂಡರು, ಅವರಿಗೆ ಐನೂರು ಐನೂರು ತಿರುಗಿಸಿದೆ. ಉಳಿದ ಇಪ್ಪತ್ತಾರರಲ್ಲಿ ಹತ್ತೊಂಬತ್ತನ್ನು ಪವರ್‌ಲೂಮ್ ಅಂತಲೇ ಹೇಳಿ 950ಕ್ಕೆ ಮಾರಿದೆ. ಕೊರಿಯರ್ ಸೇರಿ ಹನ್ನೆರಡು ಸಾವಿರದ ಮೇಲೆ ಕೈಬಿಟ್ಟಿತು. ಟ್ರಂಕಿನ ಏಳು ಇನ್ನೂ ಹಾಗೇ ಇವೆ.

ವ್ಯಾಪಾರ ಬಿಟ್ಟಿಲ್ಲ. ರವಿವಾರಕ್ಕೆ ಐದಾರು ಸೀರೆ, ಅದೂ ಪೂರ್ತಿ ಬಿಚ್ಚಿ ನೋಡಿದ ಮೇಲೆ. ಬಿಲ್ಲಿನಲ್ಲಿ ಕೈಮಗ್ಗ ಅಂತ, ಸೆರಗು ಯಾವ ನೂಲಿನದು ಅಂತ ಬರೆಸುತ್ತೇನೆ. ಬರೆಯಲು ಹಿಂದೇಟು ಹಾಕಿದರೆ ಎದ್ದು ಬರುತ್ತೇನೆ. ಸ್ಟೇಟಸ್‌ನಲ್ಲಿ ಮೊದಲ ಫೋಟೋ ಸೆರಗಿನ ಹಿಂಬದಿಯದು.

ಯುಗಾದಿಗೆ ಆ ಟೀಚರ್ ಮತ್ತೆ ಒಂದು ಸೀರೆ ಕೇಳಿದರು. ವಿಡಿಯೋ ಕಾಲ್‌ನಲ್ಲಿ ಕೊಂಡಿ ತೋರಿಸಿದೆ. "ಇನ್ನೂ ಸನೇಕ ಹಿಡಿ, ನನಗ ಕಣ್ಣ ಮಂಜ ಅದಾವ" ಅಂದರು.