ಎರಡು ಸಿಮ್ ಇರುವ ಫೋನಿನಲ್ಲಿ ಶೆಡ್ಯೂಲ್ ಮಾಡಿದ ಮೆಸೇಜ್ ಯಾವ ಸಿಮ್‌ನಿಂದ ಹೋಗುತ್ತದೆ?

ನಾನು ಪುಣೆಯ ಚಿಂಚವಾಡದಲ್ಲಿ ಮನೆಯಿಂದಲೇ ಊಟದ ಡಬ್ಬಾ ಕೊಡುತ್ತೇನೆ. ಫೋನಿನಲ್ಲಿ ಎರಡು ಸಿಮ್ ಇವೆ. ಮೊದಲನೆಯದು ಇಲ್ಲಿನ ನಂಬರ್, ಗಿರಾಕಿಗಳಿಗೆ ಗೊತ್ತಿರುವುದು ಅದೇ. ಎರಡನೆಯದು ಧಾರವಾಡದಿಂದ ತಂದದ್ದು, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೆ, ಊರಿನವರು ಫೋನ್ ಮಾಡುವುದೂ ಅದಕ್ಕೇ. ತಿಂಗಳ ಕೊನೆಗೆ ದುಡ್ಡಿನ ನೆನಪು ಮಾಡುವ ಎಸ್ಎಂಎಸ್‌ಗಳನ್ನು ಮೊದಲೇ ಬರೆದಿಟ್ಟು ಶೆಡ್ಯೂಲ್ ಮಾಡುತ್ತೇನೆ. ಇದಕ್ಕೆ ಬಹಳ ಕಾಲದಿಂದ ಎರಡು ಆ್ಯಪ್ ಬಳಸುತ್ತಿದ್ದೇನೆ. ಒಂದು, ಪ್ರತಿ ತಿಂಗಳು ತಾನೇ ಕಳಿಸುವ ಶೆಡ್ಯೂಲರ್, ಅದರ ಹೆಸರು ಬೇಡ. ಇನ್ನೊಂದು, ಗೂಗಲ್ ಮೆಸೇಜಸ್.

ಒಂದು ಸಲ ತಿಂಗಳ ಕೊನೆಯ ಎಲ್ಲ ಮೆಸೇಜ್‌ಗಳೂ ಧಾರವಾಡದ ನಂಬರಿನಿಂದ ಹೋದವು. "ಕಾಕು, ಹಾ ನಂಬರ್ ಕೋಣಾಚಾ?", ಈ ನಂಬರ್ ಯಾರದು ಎಂದು ಒಬ್ಬೊಬ್ಬರೇ ಕೇಳತೊಡಗಿದರು. ಕೆಲವರು ಮೋಸದ ಮೆಸೇಜ್ ಇರಬೇಕು ಎಂದು ಉತ್ತರವನ್ನೇ ಕೊಡಲಿಲ್ಲ, ದುಡ್ಡಿನ ವಿಷಯ ಬರೆದ ಅಪರಿಚಿತ ನಂಬರನ್ನು ಈಗ ಯಾರು ನಂಬುತ್ತಾರೆ ಹೇಳಿ.

ಹುಡುಕಿದಾಗ ಕಾರಣ ಸಿಕ್ಕಿತು. ಆ ಶೆಡ್ಯೂಲರ್‌ನಲ್ಲಿ ಸಿಮ್ ಎನ್ನುವ ಜಾಗದಲ್ಲಿ "Default" ಎಂದಿತ್ತು. ಅಂದರೆ ಅದು ಯಾವ ಸಿಮ್ಮನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಕಳಿಸುವ ಗಳಿಗೆಯಲ್ಲಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಸ್ಎಂಎಸ್‌ಗೆ ಯಾವ ಸಿಮ್ ಇದೆಯೋ ಅದರಿಂದ ಕಳಿಸಿಬಿಡುತ್ತದೆ. ಆ ವಾರ ಮಗ ನನ್ನ ಫೋನಿನಲ್ಲಿ ಯುಪಿಐ ಹೊಸದಾಗಿ ಹಾಕಿದ್ದ. ಯುಪಿಐ ಶುರುವಾಗುವಾಗ ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಒಂದು ಎಸ್ಎಂಎಸ್ ಹೋಗಬೇಕು. ಅದಕ್ಕಾಗಿ ಡೀಫಾಲ್ಟ್ ಅನ್ನು ಎರಡನೇ ಸಿಮ್‌ಗೆ ಬದಲಾಯಿಸಿದ್ದ. ಅದು ಹಾಗೇ ಉಳಿದಿತ್ತು.

ಹಾಗಾಗಿ ನಿಮ್ಮ ಆ್ಯಪ್ ಸಿಮ್ಮನ್ನು ಯಾವಾಗ ಆರಿಸುತ್ತದೆ, ಬರೆದಿಡುವಾಗಲೋ ಕಳಿಸುವಾಗಲೋ, ಇದು ಗೊತ್ತಿರಲೇಬೇಕು. ತಿಳಿಯುವುದು ಸುಲಭ. ಒಂದನೇ ಸಿಮ್ಮನ್ನು ಆರಿಸಿ, ಮನೆಯವರ ಫೋನಿಗೆ ಐದು ನಿಮಿಷ ಮುಂದಕ್ಕೆ ಒಂದು ಮೆಸೇಜ್ ಶೆಡ್ಯೂಲ್ ಮಾಡಿ. ತಕ್ಷಣ ಫೋನಿನ ಡೀಫಾಲ್ಟ್ ಎಸ್ಎಂಎಸ್ ಸಿಮ್ಮನ್ನು ಎರಡಕ್ಕೆ ಬದಲಾಯಿಸಿ, ಕಾಯಿರಿ. ಒಂದನೇ ನಂಬರಿನಿಂದ ಬಂದರೆ ಆ್ಯಪ್ ನಿಮ್ಮ ಆಯ್ಕೆಯನ್ನು ಉಳಿಸಿಕೊಂಡಿದೆ, ಎರಡರಿಂದ ಬಂದರೆ ನಿಮ್ಮ ಆಯ್ಕೆಗೆ ಬೆಲೆ ಇಲ್ಲ.

ಡೀಫಾಲ್ಟ್ ಜಾಗದಲ್ಲಿ "Ask every time" ಇಟ್ಟಿದ್ದರೆ ಇನ್ನೂ ಕಷ್ಟ. ಬೆಳಿಗ್ಗೆ ಆರು ಗಂಟೆಗೆ ಆ್ಯಪ್ ತೆರೆಯದೆ ಹಿನ್ನೆಲೆಯಲ್ಲಿ ಮೆಸೇಜ್ ಕಳಿಸಲು ಹೋದಾಗ "ಯಾವ ಸಿಮ್?" ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ, ಅಲ್ವಾ? ಆಗ ಡೀಫಾಲ್ಟ್ ನಂಬಿಕೊಂಡ ಆ್ಯಪ್‌ನಲ್ಲಿ ಮೆಸೇಜ್ ಹೋಗದೆ ನಿಂತುಬಿಡಬಹುದು.

ಗೂಗಲ್ ಮೆಸೇಜಸ್ ನನ್ನ ಫೋನಿನಲ್ಲಿ ಈ ಪರೀಕ್ಷೆಯಲ್ಲಿ ಪಾಸಾಯಿತು. ಮೆಸೇಜ್ ಬರೆಯುವ ಜಾಗದ ಪಕ್ಕದಲ್ಲಿರುವ ಸಿಮ್ ಗುರುತನ್ನು ಮೊದಲು ಒತ್ತಿ ಆರಿಸಬೇಕು, ಆಮೇಲೆ ಕಳಿಸುವ ಗುಂಡಿಯನ್ನು ಒತ್ತಿಹಿಡಿದರೆ "Schedule send" ಬರುತ್ತದೆ. ಈ ಕ್ರಮ ಮುಖ್ಯ. ಇನ್ನೊಂದು ವಿಷಯ: ಯಾರಾದರೂ ಧಾರವಾಡದ ನಂಬರಿಗೆ ಮೆಸೇಜ್ ಮಾಡಿದ್ದರೆ ಅವರ ಸಂಭಾಷಣೆಯಲ್ಲಿ ಆ ಸಿಮ್ಮೇ ಕೂತಿರುತ್ತದೆ. ಹಾಗಾಗಿ ಹಳೆಯ ಗಿರಾಕಿಯಾದರೂ ಗುರುತನ್ನು ಒಮ್ಮೆ ನೋಡಿಯೇ ಕಳಿಸುತ್ತೇನೆ. ಇದರಲ್ಲಿ ಪ್ರತಿ ತಿಂಗಳು ತಾನಾಗಿ ಮತ್ತೆ ಕಳಿಸುವ ಸೌಲಭ್ಯ ಇಲ್ಲ, ನನ್ನಂಥವರಿಗೆ ಅದು ದೊಡ್ಡ ಕೊರತೆ.

ಸಿಮ್ ಬದಲಾಯಿಸಿದವರು ಹುಷಾರಾಗಿರಿ. ಆಂಡ್ರಾಯ್ಡ್ ಗುರುತಿಡುವುದು ನಿಮ್ಮ ಫೋನ್ ನಂಬರನ್ನಲ್ಲ, ಸಿಮ್ ಕಾರ್ಡನ್ನು. ಪ್ಲಾಸ್ಟಿಕ್ ಸಿಮ್‌ನಿಂದ ಇ-ಸಿಮ್‌ಗೆ ಹೋದರೆ ನಂಬರ್ ಅದೇ ಇದ್ದರೂ ಫೋನಿಗೆ ಅದು ಹೊಸ ಸಿಮ್. ಹಳೆಯ ಸಿಮ್ಮನ್ನು ಹೆಸರಿಸಿ ಶೆಡ್ಯೂಲ್ ಮಾಡಿಟ್ಟದ್ದೆಲ್ಲ ಇಲ್ಲದ ಸಿಮ್ಮನ್ನು ಹುಡುಕುತ್ತದೆ. ಅದೂ ಅಲ್ಲದೆ ನಮ್ಮಲ್ಲಿ ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ಇರುವ ನಿಯಮ ಅದು, ಒಳ್ಳೆಯದೇ. ಆದ್ದರಿಂದ ತಿಂಗಳ ಕೊನೆಯ ಹತ್ತಿರ ಸಿಮ್ ಬದಲಾಯಿಸಬೇಡಿ. ಬದಲಾಯಿಸಿದರೆ ಬಾಕಿ ಇರುವ ಶೆಡ್ಯೂಲ್‌ಗಳನ್ನು ಅಳಿಸಿ ಮರುದಿನ ಮತ್ತೆ ಮಾಡಿ.

ಈಗ ಶೆಡ್ಯೂಲರ್‌ನಲ್ಲಿ ಪ್ರತಿ ಗಿರಾಕಿಯ ಎದುರಿಗೂ ಒಂದನೇ ಸಿಮ್ಮನ್ನು ಹೆಸರು ಹಿಡಿದು ಆರಿಸಿದ್ದೇನೆ, ಆ ಆಯ್ಕೆ ಉಳಿಯುತ್ತದೆ ಎಂದು ಐದು ನಿಮಿಷದ ಪರೀಕ್ಷೆಯಲ್ಲಿ ನೋಡಿಕೊಂಡೂ ಆಗಿದೆ. ತಿಂಗಳು ತಿಂಗಳು ಹೋಗುವ ಮೆಸೇಜ್ ಅದರಲ್ಲಿ, ಒಂದೇ ಸಲದ್ದು ಗೂಗಲ್ ಮೆಸೇಜಸ್‌ನಲ್ಲಿ. ಅಪ್‌ಡೇಟ್ ಬಂದಾಗಲೆಲ್ಲ ಆ ಪರೀಕ್ಷೆಯನ್ನು ಮತ್ತೆ ಮಾಡುತ್ತೇನೆ.