ಕಲಬುರಗಿ ಬಿಸಿಲಲ್ಲಿ ಸ್ಲ್ಯಾಬ್ ಕ್ಯೂರಿಂಗ್: ಒಡ್ಡು, ಗೋಣಿ ಚೀಲ, ಕ್ಯೂರಿಂಗ್ ಕಾಂಪೌಂಡ್, ಯಾವುದು ಒಳ್ಳೆಯದು?

ಮೇ ತಿಂಗಳಲ್ಲಿ ನಮ್ಮ ಊರಲ್ಲಿ ಸ್ಲ್ಯಾಬ್ ಹಾಕೋರಿಗೆ ಮೊದಲು ಒಂದು ಮಾತು. ಗಾಳಿ 40 ಡಿಗ್ರಿ ಮೀರಿದರೆ ಭಾರತೀಯ ಮಾನದಂಡ ಐಎಸ್ 7861 ಅದನ್ನು ಬಿಸಿ ಹವೆಯ ಕೆಲಸ ಅಂತ ಲೆಕ್ಕ ಹಾಕುತ್ತದೆ. ಆದರೆ ಗಾಳಿಗಿಂತ ಕಾಂಕ್ರೀಟಿನ ಬಿಸಿ ಮುಖ್ಯ. ಕಲಸಿದ ಮಾಲಿಗೆ ಥರ್ಮಾಮೀಟರ್ ಚುಚ್ಚಿ ನೋಡಿ, 35 ದಾಟಿದ್ದರೆ ನಾನು ಕೆಲಸ ನಿಲ್ಲಿಸುತ್ತೇನೆ. ಖಡಿಗೆ ಬೆಳಿಗ್ಗೆಯಿಂದ ನೀರು ಚಿಮುಕಿಸಿ ನೆರಳು ಮಾಡಿ, ಕಲಸೋ ನೀರಿಗೆ ಐಸ್ ಹಾಕಿ, ಸಂಜೆ 6ಕ್ಕೆ ಶುರು ಮಾಡಿದರೆ ಈ ಮಿತಿಯೊಳಗೆ ಉಳಿಯಬಹುದು. ಮಾಲು ಗಟ್ಟಿ ಆಯ್ತು ಅಂತ ಗೌಂಡಿ ನೀರು ಸುರಿಯಲು ಬಂದರೆ ಬಿಡಬೇಡಿ, ಸ್ಲ್ಯಾಬಿನ ಬಲ ಅಲ್ಲೇ ಹೋಗುತ್ತದೆ.

ಈಗ ಕ್ಯೂರಿಂಗ್, ಅಂದರೆ ಹಾಕಿದ ಸ್ಲ್ಯಾಬ್ ಒಣಗದಂತೆ ಕಾಯೋ ದಾರಿಗಳ ಹೋಲಿಕೆ. ಒಂದೇ ಮನೆಯ ಮೇಲ್ಛಾವಣಿಯನ್ನು ಮೂರು ಭಾಗ ಮಾಡಿ ನೋಡಿದೆ, ಮಾಲು, ಸಿಮೆಂಟು, ಕೆಲಸಗಾರರು ಎಲ್ಲ ಒಂದೇ.

ಒಡ್ಡು ಕಟ್ಟಿ ನೀರು ನಿಲ್ಲಿಸೋದು ನಮ್ಮವರ ಹಳೆಯ ದಾರಿ. ನೀರು ನಿಂತ ಮೇಲೆ ಇದಕ್ಕೆ ಸಾಟಿ ಇಲ್ಲ. ತೊಂದರೆ ಇರೋದು ಅದಕ್ಕೂ ಮೊದಲು. ಕಾಂಕ್ರೀಟ್ ಗಟ್ಟಿಯಾಗುವ ತನಕ ಒಡ್ಡು ಕಟ್ಟೋಕೆ ಆಗಲ್ಲ, ಅಷ್ಟರಲ್ಲಿ ಒಣ ಗಾಳಿ ಮೇಲಿನ ನೀರನ್ನು ಎಳೆದು ಬಿಡುತ್ತದೆ. ಆ ಭಾಗದಲ್ಲಿ ಬೆಳಿಗ್ಗೆ ಟಾರ್ಚ್ ಅಡ್ಡ ಹಿಡಿದು ನೋಡಿದಾಗ ಒಂದರ ಪಕ್ಕ ಒಂದು ಓರೆ ಬಿರುಕು ಸಾಲಾಗಿ ಕಂಡವು, ಅಂಚಿನವರೆಗೆ ಹೋಗದೆ ನಡುವೆಯೇ ನಿಂತಿದ್ದವು. ಮಾಲು ಇನ್ನೂ ಮೆತ್ತಗಿರುವಾಗ ಕಂಡಿದ್ದರೆ ಕರಣೆಯಿಂದ ಮತ್ತೆ ಒತ್ತಿ ಮುಚ್ಚಬಹುದು, ಗಟ್ಟಿಯಾದ ಮೇಲೆ ಆಗಲ್ಲ.

ಎರಡನೆಯ ಭಾಗಕ್ಕೆ ಕರಣೆ ಎಳೆದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಪಟ್ಟಿ ಇಟ್ಟು ಗಾಳಿ ನುಗ್ಗದಂತೆ ಮಾಡಿದೆ. ಬೆಳಿಗ್ಗೆ ಹಾಳೆ ಎತ್ತಿ ಒದ್ದೆ ಗೋಣಿ ಚೀಲ ಹಾಸಿ, ಮೇಲೆ ಮತ್ತೆ ಅದೇ ಹಾಳೆ. ಒಂದೂ ಬಿರುಕು ಇಲ್ಲ. ನೀರೂ ಕಡಿಮೆ ಸಾಕು, ಬೋರ್ ಬತ್ತುವ ದಿನಗಳಲ್ಲಿ ಇದು ದೊಡ್ಡ ಮಾತು ಅಲ್ವಾ? ಆದರೆ ಬರೀ ಚೀಲ ಹಾಸಿ ಸುಮ್ನೆ ಬಿಟ್ಟರೆ ಮಧ್ಯಾಹ್ನಕ್ಕೆ ಒಣಗಿ, ಕಾಂಕ್ರೀಟಿನ ನೀರನ್ನೇ ಹೀರುತ್ತದೆ.

ಕಾಂಕ್ರೀಟಿನ ನೀರು ಆರದಂತೆ ಮೇಲೆ ತೆಳು ಪೊರೆ ಕಟ್ಟೋ ಬಿಳಿ ಕ್ಯೂರಿಂಗ್ ಕಾಂಪೌಂಡ್ ಮೂರನೆಯದು. ಮೇಲಿನ ನೀರಿನ ಹೊಳಪು ಹೋದ ತಕ್ಷಣ ಸಿಂಪಡಿಸಬೇಕು, ಸ್ವಲ್ಪ ತಡವಾದರೂ ಕೆಲಸ ಕೆಡುತ್ತದೆ. ನೀರೇ ಸಿಗದ ರಸ್ತೆ ಕೆಲಸಕ್ಕೆ ಸರಿ. ಮನೆಯ ಮೇಲೆ ನಾಳೆ ವಾಟರ್‌ಪ್ರೂಫಿಂಗ್ ಮಾಡಿಸಬೇಕಲ್ಲ, ಆ ಪದರ ಅಂಟೋಕೆ ಇದು ಬಿಡೋದಿಲ್ಲ.

ಹಾಗಾಗಿ ನನ್ನ ಆಯ್ಕೆ: ರಾತ್ರಿ ಪ್ಲಾಸ್ಟಿಕ್, ಬೆಳಿಗ್ಗೆ ಒಡ್ಡು. ನೀರು ಕಡಿಮೆ ಇದ್ದರೆ ಗೋಣಿ, ಮೇಲೆ ಹಾಳೆ. ಬಿಸಿಲಿಗೆ ಕಾದ ಸ್ಲ್ಯಾಬಿಗೆ ಮಧ್ಯಾಹ್ನ ಒಮ್ಮೆಲೇ ತಣ್ಣೀರು ಬಿಡಬೇಡಿ, ಬೆಳಿಗ್ಗೆಯೇ ನೀರು ತುಂಬಿಸಿ. ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ, 14 ಆದರೆ ಇನ್ನೂ ಒಳ್ಳೆಯದು.