ಪುಲ್ ಅಪ್‌ಗೆ ಬ್ಯಾಂಡಾ, ನಿಧಾನವಾಗಿ ಇಳಿಯೋದಾ? ಎರಡನ್ನೂ ಮಾಡಿ ನೋಡಿದೆ

ಕಟಿಂಗ್, ಅಂದರೆ ಊಟ ಕಡಿಮೆ ಮಾಡಿ ತೂಕ ಇಳಿಸುವುದು, ಶುರು ಮಾಡಿದಾಗ ನನ್ನ ತೂಕ 84 ಕಿಲೋ, ಒಂದೇ ಒಂದು ಪುಲ್ ಅಪ್ ಬರುತ್ತಿರಲಿಲ್ಲ. ಮೊದಲ 5 ವಾರ ಬರೀ ಬ್ಯಾಂಡ್, ಅಂದರೆ ಬಾರ್‌ಗೆ ಕಟ್ಟಿದ ರಬ್ಬರ್ ಪಟ್ಟಿಯಲ್ಲಿ ಪಾದ ಇಟ್ಟು, ಅದರ ಸಹಾಯದಿಂದ ಮೇಲೇರುವುದು. ಆಮೇಲೆ 3 ವಾರ ಬರೀ ನೆಗೆಟಿವ್, ಅಂದರೆ ಸ್ಟೂಲ್ ಹತ್ತಿ ಗದ್ದ ಬಾರ್‌ಗಿಂತ ಮೇಲಿರುವ ಹಾಗೆ ಹಿಡಿದುಕೊಂಡು, ಅಲ್ಲಿಂದ ನಿಧಾನವಾಗಿ ಇಳಿಯುವುದು.

ಬ್ಯಾಂಡ್‌ನಲ್ಲಿ ಖುಷಿ ಬೇಗ ಸಿಗುತ್ತದೆ. ಎರಡನೇ ವಾರಕ್ಕೇ ದಪ್ಪ ಬ್ಯಾಂಡ್ ಮೇಲೆ 8 ರೆಪ್ ಬಂತು. ಆದರೆ ಬ್ಯಾಂಡ್ ಹಿಗ್ಗಿದಷ್ಟೂ ಜಾಸ್ತಿ ಎತ್ತಿಕೊಡುತ್ತದೆ, ಅಲ್ವಾ? ಹಾಗಾಗಿ ಕೈ ಚಾಚಿ ಜೋತುಬಿದ್ದಾಗ ಅದರ ಸಹಾಯ ಹೆಚ್ಚು, ಮೇಲೆ ಹೋದಂತೆ ಕಡಿಮೆ. ತೀರಾ ಕೆಳಗಿನಿಂದ ಮೈ ಎತ್ತುವ ಕೆಲಸವನ್ನು ನನ್ನ ಬೆನ್ನು ಮಾಡಲೇ ಇಲ್ಲ. ಬ್ಯಾಂಡ್ ತೆಗೆದು ನೋಡಿದರೆ ಎರಡು ಇಂಚೂ ಮೇಲೇಳಲಿಲ್ಲ! ತೆಳು ಬ್ಯಾಂಡ್‌ಗೆ ಹೋದರೆ 8 ಇದ್ದದ್ದು 3ಕ್ಕೆ ಬಿತ್ತು. ಆಗ ದಪ್ಪ ಬ್ಯಾಂಡ್‌ನಲ್ಲೇ ಪಾದದ ಬದಲು ಮೊಣಕಾಲು ಇಟ್ಟೆ. ಅದು ಅಷ್ಟು ಹಿಗ್ಗುವುದಿಲ್ಲ, ಸಹಾಯವೂ ಕಡಿಮೆ, ನಡುವೆ ಒಂದು ಮೆಟ್ಟಿಲು ಸಿಕ್ಕ ಹಾಗಾಯಿತು.

ನೆಗೆಟಿವ್ ಕಥೆಯೇ ಬೇರೆ. ಎತ್ತಲಾಗದ ಭಾರವನ್ನೂ ಸ್ನಾಯು ಇಳಿಸುವಾಗ ತಡೆಯಬಲ್ಲದು, ಅದಕ್ಕೇ ಪುಲ್ ಅಪ್ ಬಾರದವನೂ ಮೊದಲ ದಿನದಿಂದಲೇ ಪೂರ್ತಿ ಮೈಭಾರದಲ್ಲಿ ಕೆಲಸ ಮಾಡಬಹುದು. ನಾನು ಹುಮ್ಮಸ್ಸಿನಲ್ಲಿ ಮೊದಲ ದಿನವೇ 25 ಮಾಡಿಬಿಟ್ಟೆ, ಮುಂದಿನ 4 ದಿನ ಮೊಣಕೈ ನೆಟ್ಟಗೆ ಚಾಚಲಾಗಲಿಲ್ಲ. ಊಟ ಕಡಿಮೆ ಇರುವಾಗ ಈ ನೋವು ಬೇಗ ಇಳಿಯುವುದೂ ಇಲ್ಲ. ಅಷ್ಟಕ್ಕೂ ಬುದ್ಧಿ ಬರದೆ ದಿನ ಬಿಟ್ಟು ದಿನ ಮಾಡಿದೆ. ಮೂರನೇ ವಾರ ಮೊಣಕೈ ಒಳಬದಿ ಬಾರ್ ಹಿಡಿದರೇ ಚುಚ್ಚತೊಡಗಿತು. ಬೆನ್ನಿನ ನೋವಾದರೆ ತಡೆದುಕೊಳ್ಳಬಹುದು, ಇದು ಮಾತ್ರ ನಿಲ್ಲಿಸು ಅನ್ನುವ ಸೂಚನೆ.

ಒಂದು ವಾರ ಬಿಟ್ಟು ಎರಡನ್ನೂ ಸೇರಿಸಿದೆ. ವಾರಕ್ಕೆ 2 ದಿನ, ಮೊದಲು 4 ನೆಗೆಟಿವ್, ಒಂದೊಂದಕ್ಕೆ 5 ಸೆಕೆಂಡ್, ನಡುವೆ 2 ನಿಮಿಷ ಬಿಡುವು. ಆಮೇಲೆ ಬ್ಯಾಂಡ್‌ನಲ್ಲಿ 2 ಸೆಟ್. ಇಳಿಯುವಾಗ ಕೊನೆಯ ಭಾಗದಲ್ಲಿ ಧಪ್ಪಂತ ಬಿದ್ದರೆ ಅಂದಿಗೆ ನೆಗೆಟಿವ್ ಮುಗಿಯಿತು, ಸುಮ್ನೆ ಎಣಿಕೆ ತುಂಬಿಸುವುದಿಲ್ಲ. ಬ್ಯಾಂಡ್ ಇಲ್ಲದೆ ಏಳಲಾಗದ ಆ ಕೆಳಗಿನ ಜಾಗದಲ್ಲೇ ಬೇಕೆಂದೇ ಇನ್ನೂ ನಿಧಾನ ಮಾಡುತ್ತಿದ್ದೆ.

13ನೇ ವಾರ, 79 ಕಿಲೋದಲ್ಲಿ, ಮೊದಲ ಪುಲ್ ಅಪ್ ಬಂತು. ಇದು ಬಲವೋ, ತೂಕ ಇಳಿದದ್ದೋ? ನೆಗೆಟಿವ್ ಶುರು ಮಾಡಿದಾಗ 82 ಕಿಲೋ ಇದ್ದೆ, 3 ಸೆಕೆಂಡ್‌ಗೇ ಜಾರುತ್ತಿದ್ದೆ. ಈಗ ಬೆನ್ನಿಗೆ 3 ಕಿಲೋ ಬ್ಯಾಗ್ ಹಾಕಿ ಇಳಿದೆ, 7 ಸೆಕೆಂಡ್ ಹಿಡಿದೆ. ಅದೇ ಬ್ಯಾಗ್ ಜೊತೆ ಮೇಲೇರಲು ನೋಡಿದೆ, ಹಣೆ ಬಾರ್‌ವರೆಗೆ ಹೋಗಿ ಅಲ್ಲೇ ನಿಂತಿತು.